ನಾಯಿ ಕಡಿತದ ಚುಚ್ಚುಮದ್ದು: ಗಾಯ ತೊಳೆಯುವುದರಿಂದ 28ನೆಯ ದಿನದವರೆಗೆ

ನಾಯಿ ಕಚ್ಚಿದ ಕೂಡಲೇ ಆಸ್ಪತ್ರೆಗೆ ಹೋಗಬೇಕೆಂಬುದು ಈಗ ಹೆಚ್ಚಿನವರಿಗೆ ಗೊತ್ತಿದೆ. ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಅದರ ನಂತರದ ದಿನಗಳಿಗೆ ಸಂಬಂಧಿಸಿದವು. "ಮೂರು ಇಂಜೆಕ್ಷನ್ ಆಗಿದೆ, ಗಾಯವೂ ಒಣಗಿದೆ, ನಾಲ್ಕನೆಯದು ಬೇಕೇ?" "ಗುರುವಾರ ಹೋಗಬೇಕಿತ್ತು, ಊರಿನಲ್ಲಿರಲಿಲ್ಲ, ಈಗ ಮೊದಲಿನಿಂದ ಶುರು ಮಾಡಬೇಕೇ?" "ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕು ಸಲ ಎಂದರು, ಪಕ್ಕದ ಮನೆಯವರಿಗೆ ಖಾಸಗಿಯಲ್ಲಿ ಐದು ಸಲ ಕೊಟ್ಟರಂತೆ, ಯಾವುದು ಸರಿ?" ಈ ಲೇಖನದಲ್ಲಿ ಆ ಪ್ರಶ್ನೆಗಳಿಗೆ ಉತ್ತರವನ್ನು ಕ್ರಮವಾಗಿ ಕೊಟ್ಟಿದ್ದೇನೆ. ಇಲ್ಲಿ ಹೇಳಿರುವುದು ಭಾರತದ ರಾಷ್ಟ್ರೀಯ ರೇಬೀಸ್ ನಿಯಂತ್ರಣ ಕಾರ್ಯಕ್ರಮದ ಪದ್ಧತಿ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವುದೂ ಇದೇ.

ದಿನಗಳ ಲೆಕ್ಕ ಏಕೆ ಮುಖ್ಯ ಎಂಬುದನ್ನು ತಿಳಿಯಲು ರೋಗದ ನಡೆಯನ್ನು ಸ್ವಲ್ಪ ತಿಳಿದಿರಬೇಕು. ರೇಬೀಸ್ ವೈರಾಣು ನಾಯಿಯ ಜೊಲ್ಲಿನ ಮೂಲಕ ಗಾಯಕ್ಕೆ ಸೇರುತ್ತದೆ, ಅಲ್ಲಿಂದ ನರದ ತುದಿಯನ್ನು ಹಿಡಿದು ನಿಧಾನವಾಗಿ ಮಿದುಳಿನ ಕಡೆಗೆ ಸಾಗುತ್ತದೆ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಎರಡು ಮೂರು ತಿಂಗಳು ಬೇಕಾಗುತ್ತದೆ. ಮುಖ, ಕುತ್ತಿಗೆ, ತಲೆಗೆ ಕಚ್ಚಿದಾಗ ಇನ್ನೂ ಬೇಗ ಆಗಬಹುದು. ಲಸಿಕೆ ಹಾಕಿದ ಮೇಲೆ ದೇಹವು ವೈರಾಣುವನ್ನು ತಡೆಯುವ ಪ್ರತಿಕಾಯಗಳನ್ನು ತಾನೇ ತಯಾರಿಸಿಕೊಳ್ಳಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಅಂದರೆ ಚಿಕಿತ್ಸೆಯೆಲ್ಲವೂ ವೈರಾಣು ನರವನ್ನು ಹೊಕ್ಕು ಮುಂದೆ ಸಾಗುವ ಮೊದಲು ಅದನ್ನು ತಡೆಯುವ ಪ್ರಯತ್ನ. ನೀರು ಕಂಡರೆ ಗಂಟಲು ಬಿಗಿಯುವಂತಹ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಲಸಿಕೆಯಿಂದ ಪ್ರಯೋಜನವಿಲ್ಲ, ಆ ಹಂತದಲ್ಲಿ ರೋಗಿ ಉಳಿಯುವುದು ಅತಿ ವಿರಳ.

1. ಮೊದಲ 15 ನಿಮಿಷ: ನಲ್ಲಿ ಮತ್ತು ಸೋಪು

ಗಾಯವನ್ನು ಹರಿಯುವ ನೀರಿನ ಕೆಳಗೆ ಹಿಡಿದು, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ನಲ್ಲಿ ಇಲ್ಲದಿದ್ದರೆ ಒಬ್ಬರು ಚೊಂಬಿನಿಂದ ಬಿಡದೆ ನೀರು ಹೊಯ್ಯುತ್ತಿರಲಿ, ಇನ್ನೊಬ್ಬರು ಸೋಪು ಹಚ್ಚಲಿ. ಬಟ್ಟೆ ಒಗೆಯುವ ಸೋಪಾದರೂ ಆದೀತು, ಮೈಸೋಪಾದರೂ ಆದೀತು. ರೇಬೀಸ್ ವೈರಾಣುವಿನ ಹೊರಪದರ ಕೊಬ್ಬಿನಿಂದ ಆದದ್ದು. ಎಣ್ಣೆ ಜಿಡ್ಡನ್ನು ಕರಗಿಸುವ ಸೋಪು ಆ ಪದರವನ್ನೂ ಒಡೆದು ವೈರಾಣುವನ್ನು ನಾಶಮಾಡುತ್ತದೆ. ಹಲ್ಲು ಆಳಕ್ಕೆ ಇಳಿದಿದ್ದರೆ ಗಾಯದ ಬಾಯಿಯನ್ನು ಮೆಲ್ಲಗೆ ಬಿಡಿಸಿ ಒಳಗೂ ನೀರು ಹೋಗುವಂತೆ ಮಾಡಬೇಕು. ಆದರೆ ರಕ್ತ ಹಿಂಡುವುದಾಗಲಿ, ಗಾಯವನ್ನು ಉಜ್ಜಿ ಕೆರೆಯುವುದಾಗಲಿ ಕೂಡದು.

15 ನಿಮಿಷ ಎಂಬುದು ಕೇಳಲು ಚಿಕ್ಕ ಅವಧಿ, ತೊಳೆಯುವಾಗ ಬಹಳ ದೊಡ್ಡದು. ಮಗು ಅಳುತ್ತಿರುತ್ತದೆ, ಸುತ್ತ ಜನ ಸೇರಿರುತ್ತಾರೆ, ಯಾರೋ ಆಟೋ ತಂದು ನಿಲ್ಲಿಸಿರುತ್ತಾರೆ, ಎರಡು ನಿಮಿಷಕ್ಕೆ ಸಾಕೆನಿಸುತ್ತದೆ. ಆಟೋ ಕಾಯಲಿ. ತೊಳೆದಾದ ಮೇಲೆ ಪೋವಿಡೋನ್ ಅಯೋಡಿನ್‌ನಂತಹ ಕ್ರಿಮಿನಾಶಕ ಮನೆಯಲ್ಲಿದ್ದರೆ ಹಚ್ಚಿ. ಗಾಯವನ್ನು ಬಿಗಿಯಾಗಿ ಕಟ್ಟಬೇಡಿ. ಕಚ್ಚಿದಾಗ ತೊಳೆಯದೆ ಎಷ್ಟೋ ಹೊತ್ತಾದ ಮೇಲೆ ನೆನಪಾದರೂ ಆಗಲೇ ತೊಳೆಯಿರಿ.

ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ, ಸೀಮೆಎಣ್ಣೆ, ಸೊಪ್ಪಿನ ರಸ ಇವು ಯಾವುದನ್ನೂ ಗಾಯಕ್ಕೆ ಹಾಕಬೇಡಿ, ಬರೆಯನ್ನೂ ಹಾಕಿಸಬೇಡಿ. ಉರಿಯುವ ಪದಾರ್ಥಗಳು ಗಾಯದ ಅಂಗಾಂಶವನ್ನು ಕೆಡಿಸಿ, ವೈರಾಣು ನರಕ್ಕೆ ಸೇರುವುದನ್ನು ಇನ್ನಷ್ಟು ಸುಲಭ ಮಾಡಿಕೊಡುತ್ತವೆ. ಈಗಾಗಲೇ ಹಚ್ಚಿಬಿಟ್ಟಿದ್ದರೆ ಪೂರ್ತಿ ತೊಳೆದು ತೆಗೆಯಿರಿ, ಆಸ್ಪತ್ರೆಯಲ್ಲಿ ಅದನ್ನು ಮುಚ್ಚಿಡದೆ ಹೇಳಿ.

2. ಅದೇ ದಿನ ಆಸ್ಪತ್ರೆಗೆ: ಗಾಯದ ವರ್ಗ

ವೈದ್ಯರು ಮೊದಲು ಗಾಯವನ್ನು ಮೂರು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ, ಮುಂದಿನ ಚಿಕಿತ್ಸೆಯೆಲ್ಲ ಅದರ ಮೇಲೆ ನಿಂತಿದೆ. ನಾಯಿಯನ್ನು ಮುಟ್ಟಿದ್ದು, ಅದು ಗಾಯವಿಲ್ಲದ ಚರ್ಮವನ್ನು ನೆಕ್ಕಿದ್ದು ಒಂದನೆಯ ವರ್ಗ. ಇದಕ್ಕೆ ತೊಳೆದರೆ ಸಾಕು, ಲಸಿಕೆ ಬೇಡ. ರಕ್ತ ಬಾರದ ತರಚು, ಚರ್ಮವನ್ನು ಮೆಲ್ಲಗೆ ಕಡಿದ ಗುರುತು ಎರಡನೆಯ ವರ್ಗ. ಇದಕ್ಕೆ ಲಸಿಕೆ ಬೇಕು. ಚರ್ಮ ಹರಿದು ರಕ್ತ ಬಂದ ಕಡಿತ ಅಥವಾ ಪರಚು, ಇರುವ ಗಾಯವನ್ನು ನಾಯಿ ನೆಕ್ಕಿದ್ದು, ಕಣ್ಣು ಬಾಯಿಗೆ ಜೊಲ್ಲು ತಗುಲಿದ್ದು ಮೂರನೆಯ ವರ್ಗ. ಇದಕ್ಕೆ ಲಸಿಕೆಯ ಜೊತೆಗೆ, ಮುಂದೆ ವಿವರಿಸಿರುವ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು.

ಜನ ತಪ್ಪುವುದು ಎರಡನೆಯ ಮತ್ತು ಮೂರನೆಯ ವರ್ಗದ ನಡುವೆ. ಗಾಯದ ಉದ್ದಗಲ ಇಲ್ಲಿ ಲೆಕ್ಕಕ್ಕಿಲ್ಲ. ಸೂಜಿಮೊನೆಯಷ್ಟು ತೂತಿನಿಂದ ಒಂದು ಹನಿ ರಕ್ತ ಬಂದಿದ್ದರೂ ಅದು ಮೂರನೆಯ ವರ್ಗವೇ. ಆಸ್ಪತ್ರೆಗೆ ತಲುಪುವ ಹೊತ್ತಿಗೆ ರಕ್ತ ನಿಂತು ಗಾಯ ಒಣಗಿದಂತೆ ಕಾಣಬಹುದು, ಆದ್ದರಿಂದ "ಆಗ ರಕ್ತ ಬಂದಿತ್ತು" ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಮರಿನಾಯಿ, ಸಾಕುನಾಯಿ, ಲಸಿಕೆ ಹಾಕಿಸಿದ ನಾಯಿ ಎಂಬ ಕಾರಣಗಳಿಗೆ ಚಿಕಿತ್ಸೆಯನ್ನು ಮುಂದೂಡಬಾರದು.

ಇನ್ನೊಂದು ಎಡವಟ್ಟು ಟಿ.ಟಿ. ಇಂಜೆಕ್ಷನ್ನಿನದು. ಹತ್ತಿರದ ಕ್ಲಿನಿಕ್ಕಿನಲ್ಲಿ ಗಾಯ ಒರೆಸಿ ಟಿ.ಟಿ. ಕೊಟ್ಟರೆ "ಇಂಜೆಕ್ಷನ್ ಆಯಿತು" ಎಂದು ಮನೆಗೆ ಮರಳುವವರಿದ್ದಾರೆ. ಟಿ.ಟಿ. ಧನುರ್ವಾಯುವಿಗೆ ಮಾತ್ರ, ಅದು ರೇಬೀಸನ್ನು ತಡೆಯುವುದಿಲ್ಲ. ರೇಬೀಸ್ ಲಸಿಕೆಯನ್ನು ಆಸ್ಪತ್ರೆಯವರು ಎ.ಆರ್.ವಿ. ಎಂದು ಕರೆಯುತ್ತಾರೆ, ನಿಮ್ಮ ಚೀಟಿಯಲ್ಲಿ ಆ ಮೂರು ಅಕ್ಷರಗಳಿವೆಯೇ ನೋಡಿಕೊಳ್ಳಿ.

ಕಚ್ಚಿ ಒಂದು ವಾರ ಅಥವಾ ಒಂದು ತಿಂಗಳಾಗಿದ್ದು ಇನ್ನೂ ಏನೂ ಮಾಡಿಲ್ಲದಿದ್ದರೆ, ಇವತ್ತೇ ಕಚ್ಚಿದೆ ಎಂದುಕೊಂಡು ಇವತ್ತೇ ಹೋಗಿ. "ತಡವಾಯಿತು, ಇನ್ನೇನು ಪ್ರಯೋಜನ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವೈರಾಣು ಇನ್ನೂ ದಾರಿಯಲ್ಲಿರಬಹುದು.

3. ಗಾಯದೊಳಗೇ ಕೊಡುವ ಚುಚ್ಚುಮದ್ದು

ಲಸಿಕೆಯಿಂದ ಪ್ರತಿಕಾಯ ಹುಟ್ಟುವುದಕ್ಕೆ ವಾರಗಳು ಬೇಕೆಂದೆನಲ್ಲ, ಆ ಖಾಲಿ ದಿನಗಳನ್ನು ತುಂಬಲು ಮೂರನೆಯ ವರ್ಗದ ಗಾಯಕ್ಕೆ ಸಿದ್ಧ ಪ್ರತಿಕಾಯಗಳನ್ನು ಹೊರಗಿನಿಂದ ಕೊಡುತ್ತಾರೆ. ಇದೇ ರೇಬೀಸ್ ಇಮ್ಯುನೋಗ್ಲಾಬ್ಯುಲಿನ್, ಚೀಟಿಯಲ್ಲಿ ಆರ್.ಐ.ಜಿ. ಎಂದಿರುತ್ತದೆ. ಕುದುರೆಯ ರಕ್ತದ ಸೀರಂನಿಂದ ತಯಾರಿಸಿದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ, ಮನುಷ್ಯರ ರಕ್ತದಿಂದ ತಯಾರಿಸಿದ್ದು ದುಬಾರಿ. ಇವುಗಳ ಬದಲಿಗೆ ಬಳಸಬಹುದಾದ ಮೋನೋಕ್ಲೋನಲ್ ಪ್ರತಿಕಾಯ ಎಂಬ, ಪ್ರಯೋಗಾಲಯದಲ್ಲಿ ತಯಾರಿಸಿದ ಔಷಧವೂ ಈಗ ಭಾರತದಲ್ಲಿ ದೊರೆಯುತ್ತದೆ.

ಇದರ ಪ್ರಮಾಣ ದೇಹದ ತೂಕವನ್ನು ಅವಲಂಬಿಸಿದೆ. ಕುದುರೆಯ ಸೀರಂನದಾದರೆ ಕಿಲೋಗೆ 40 ಯೂನಿಟ್, ಒಟ್ಟು 3000 ಯೂನಿಟ್ ಮೀರಬಾರದು. 30 ಕಿಲೋ ತೂಗುವ ಹುಡುಗಿಗೆ 1200 ಯೂನಿಟ್ ಬೇಕಾಗುತ್ತದೆ. ಒಂದು ಮಿಲಿಲೀಟರಿನಲ್ಲಿ 300 ಯೂನಿಟ್ ಇರುವ ಸೀಸೆಯಾದರೆ ಅದು 4 ಮಿಲಿಲೀಟರ್ ಆಯಿತು. ಆದ್ದರಿಂದ ತೂಕ ನೋಡದೆ ಇದನ್ನು ಕೊಡುವಂತಿಲ್ಲ. ನಿಮ್ಮ ತೂಕವನ್ನು ಯಾರೂ ಕೇಳದಿದ್ದರೆ ನೀವೇ ಹೇಳಿ.

ಈ ಔಷಧವನ್ನು ತೋಳಿಗೋ ಸೊಂಟಕ್ಕೋ ಕೊಟ್ಟು ಮುಗಿಸುವುದಲ್ಲ. ಸೂಜಿಯನ್ನು ಗಾಯದ ಅಂಚಿನಿಂದ ಒಳಗೆ ಸಾಗಿಸಿ, ಗಾಯದ ಒಳಗೂ ಸುತ್ತಲೂ ಸ್ವಲ್ಪಸ್ವಲ್ಪವಾಗಿ ತುಂಬುತ್ತಾರೆ. ವೈರಾಣು ಇರುವ ಜಾಗಕ್ಕೇ ಪ್ರತಿಕಾಯ ತಲುಪಬೇಕೆಂಬುದು ಇದರ ಉದ್ದೇಶ. ನೋವಾಗುತ್ತದೆ, ಬೆರಳ ತುದಿಯಂತಹ ಬಿಗಿಯಾದ ಜಾಗದಲ್ಲಿ ಬಹಳವೇ ನೋವಾಗುತ್ತದೆ; ಮಕ್ಕಳನ್ನು ಹಿಡಿದುಕೊಳ್ಳಲು ಜೊತೆಗೆ ಇಬ್ಬರು ಹೋಗುವುದು ಒಳ್ಳೆಯದು. ಗಾಯಗಳು ಹಲವಾರಿದ್ದು ಔಷಧ ಸಾಲದೆ ಹೋದರೆ ಸಲೈನ್ ಬೆರೆಸಿ ಹೆಚ್ಚಿಸಿಕೊಂಡು ಎಲ್ಲ ಗಾಯಗಳಿಗೂ ಕೊಡುತ್ತಾರೆ. ಅಲರ್ಜಿಯ ಸೂಚನೆ ಕಂಡೀತೇ ಎಂದು ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ಆಸ್ಪತ್ರೆಯಲ್ಲೇ ಕೂರಿಸುತ್ತಾರೆ. ಬಸ್ಸು ತಪ್ಪುತ್ತದೆಂದು ಎದ್ದು ಬರಬೇಡಿ. ಹೊಲಿಗೆ ಹಾಕುವುದನ್ನು ಆದಷ್ಟು ತಪ್ಪಿಸುತ್ತಾರೆ. ಹಾಕಲೇಬೇಕಾದ ಗಾಯವಾದರೆ ಆರ್.ಐ.ಜಿ. ಕೊಟ್ಟ ಮೇಲೆ, ಸಡಿಲವಾಗಿ ಹಾಕುತ್ತಾರೆ.

ಇದನ್ನು ಒಂದೇ ಬಾರಿ, ಲಸಿಕೆಯ ಮೊದಲ ಡೋಸಿನ ದಿನವೇ ಕೊಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇದ್ದು ಆರ್.ಐ.ಜಿ. ಇಲ್ಲದಿರುವುದು ಸಾಧ್ಯ. ಹಾಗಾದಾಗ ಲಸಿಕೆಯ ಮೊದಲ ಡೋಸನ್ನು ಅಲ್ಲೇ ಹಾಕಿಸಿಕೊಂಡು, ಚೀಟಿ ಬರೆಸಿಕೊಂಡು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಮೊದಲ ಡೋಸಿನಿಂದ ಏಳು ದಿನದವರೆಗೆ ಇದನ್ನು ಕೊಡಲು ಅವಕಾಶವಿದೆ. ಆ ಬಳಿಕ ದೇಹದ ಸ್ವಂತ ಪ್ರತಿಕಾಯಗಳು ಮೂಡಲು ಆರಂಭಿಸಿರುವುದರಿಂದ ಇದನ್ನು ಕೊಡುವುದಿಲ್ಲ. ಏಳು ದಿನವಿದೆಯೆಂದು ಆರು ದಿನ ಕಾಯುವುದು ಮಾತ್ರ ಬುದ್ಧಿವಂತಿಕೆಯಲ್ಲ.

4. ದಿನಗಳ ಲೆಕ್ಕ: ಮೊದಲ ಡೋಸಿನ ದಿನ ಸೊನ್ನೆ

ಭಾರತದಲ್ಲಿ ಲಸಿಕೆಯನ್ನು ಎರಡು ವಿಧದಲ್ಲಿ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಚರ್ಮದ ಪದರದೊಳಗೆ ಕೊಡುತ್ತಾರೆ; ಪ್ರತಿ ಭೇಟಿಯಲ್ಲಿ ಎರಡೂ ತೋಳುಗಳಿಗೆ 0.1 ಮಿಲಿಲೀಟರಿನಂತೆ ಎರಡು ಚುಚ್ಚು, ಒಟ್ಟು ನಾಲ್ಕು ಭೇಟಿ: 0, 3, 7 ಮತ್ತು 28ನೆಯ ದಿನ. ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ತೋಳಿನ ಸ್ನಾಯುವಿಗೆ ಕೊಡುತ್ತಾರೆ. ಪ್ರತಿ ಭೇಟಿಯಲ್ಲಿ ಒಂದು ಪೂರ್ತಿ ಸೀಸೆಯ ಒಂದೇ ಚುಚ್ಚು, ಒಟ್ಟು ಐದು ಭೇಟಿ: 0, 3, 7, 14 ಮತ್ತು 28ನೆಯ ದಿನ. ನಾಲ್ಕೂ ಸರಿ, ಐದೂ ಸರಿ. ನಿಮ್ಮದು ಯಾವ ವಿಧ ಎಂಬುದನ್ನು ಮೊದಲ ದಿನವೇ ಕೇಳಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಈಗ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಮೇಲೆ ಹೇಳಿದ 30 ಕಿಲೋದ ಹುಡುಗಿಗೆ ಮೇ 31ರ ಭಾನುವಾರ ಸಂಜೆ ಬೀದಿನಾಯಿ ಮೀನಖಂಡಕ್ಕೆ ಕಚ್ಚಿತು, ರಕ್ತ ಬಂತು. ಮನೆಯವರು ಗಾಯ ತೊಳೆದರು, ಆದರೆ ಲಸಿಕೆ ಸಿಕ್ಕಿದ್ದು ಜೂನ್ 1ರ ಸೋಮವಾರ ಬೆಳಿಗ್ಗೆ. ಸೊನ್ನೆಯ ದಿನ ಎಂದರೆ ಈ ಸೋಮವಾರ, ಕಚ್ಚಿದ ಭಾನುವಾರವಲ್ಲ. ಜೂನ್ 1ಕ್ಕೆ ಮೂರು ಕೂಡಿಸಿದರೆ ಜೂನ್ 4, ಗುರುವಾರ. ಏಳು ಕೂಡಿಸಿದರೆ ಜೂನ್ 8, ಸೋಮವಾರ. 28 ಕೂಡಿಸಿದರೆ ಜೂನ್ 29, ಅದೂ ಸೋಮವಾರ. ಸ್ನಾಯುವಿಗೆ ಕೊಡುವ ಕ್ರಮವಾಗಿದ್ದರೆ ನಡುವೆ ಜೂನ್ 15, ಮತ್ತೆ ಸೋಮವಾರವೇ. ಹೀಗೆ ಮೂರನೆಯ ದಿನದ ಡೋಸೊಂದನ್ನು ಬಿಟ್ಟು ಉಳಿದವೆಲ್ಲ ಮೊದಲ ಡೋಸು ಬಿದ್ದ ವಾರದಂದೇ ಬರುತ್ತವೆ. ಇದನ್ನು ನೆನಪಿಟ್ಟರೆ ಕಾರ್ಡಿನಲ್ಲಿ ದಿನಾಂಕ ತಪ್ಪಾಗಿ ಬರೆದಿದ್ದರೂ ಸಿಕ್ಕಿಬೀಳುತ್ತದೆ.

ಜನ ಸೋಮವಾರವನ್ನೇ ಒಂದನೆಯ ದಿನವೆಂದು ಎಣಿಸಿ ಬುಧವಾರ ಬಂದುಬಿಡುತ್ತಾರೆ. ಬೆರಳು ಮಡಚಿ ಎಣಿಸುವ ಬದಲು ದಿನಾಂಕಕ್ಕೆ ಅಂಕಿಯನ್ನು ಕೂಡಿಸಿ. ಕ್ಯಾಲೆಂಡರಿನ ಆ ಮನೆಗಳಿಗೆ ಮೊದಲ ದಿನವೇ ಸುತ್ತುಹಾಕಿ. ಅವುಗಳಲ್ಲಿ ಭಾನುವಾರವೋ ಹಬ್ಬದ ರಜೆಯೋ ಬೀಳುತ್ತಿದ್ದರೆ ಅಂದು ಎಲ್ಲಿ ಕೊಡುತ್ತಾರೆಂದು ಆಗಲೇ ವಿಚಾರಿಸಿ. ಹೊರರೋಗಿ ವಿಭಾಗಕ್ಕೆ ರಜೆಯಿದ್ದರೂ ದೊಡ್ಡ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗ ತೆರೆದಿರುತ್ತದೆ.

5. ಸರಿಯಾಗಿ ಹಾಕಿದ್ದಾರೆಯೇ ಎಂದು ನೋಡುವುದು

ಚರ್ಮದೊಳಗಿನ ಚುಚ್ಚನ್ನು ನೀವೇ ಕಣ್ಣಿನಿಂದ ಪರೀಕ್ಷಿಸಬಹುದು. ಸೂಜಿ ಸರಿಯಾದ ಪದರದಲ್ಲಿದ್ದರೆ ಕೂಡಲೇ ಅಲ್ಲಿ ಚಿಕ್ಕ ಗುಳ್ಳೆಯೊಂದು ಏಳುತ್ತದೆ. ಅದರ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಕುಳಿಗಳಿಂದ ಕೂಡಿರುತ್ತದೆ. ಗುಳ್ಳೆ ಏಳದೆ ಔಷಧ ಒಳಗೆ ಹೋಗಿಬಿಟ್ಟರೆ ಸೂಜಿ ಆಳಕ್ಕೆ ಇಳಿದಿದೆ ಎಂದರ್ಥ. ಆಗ ಪಕ್ಕದಲ್ಲಿ ಇನ್ನೊಮ್ಮೆ ಕೊಡಬೇಕಾಗುತ್ತದೆ. "ಗುಳ್ಳೆ ಬಂತೇ ಸಿಸ್ಟರ್?" ಎಂದು ಕೇಳುವುದರಲ್ಲಿ ಸಂಕೋಚವೇನಿಲ್ಲ. ಗುಳ್ಳೆಯನ್ನು ತಿಕ್ಕಬೇಡಿ.

ಸ್ನಾಯುವಿಗೆ ಕೊಡುವುದಾದರೆ ತೋಳಿನ ಮೇಲ್ಭಾಗಕ್ಕೇ ಕೊಡಬೇಕು, ಎಳೆಯ ಮಕ್ಕಳಿಗೆ ತೊಡೆಯ ಹೊರಭಾಗಕ್ಕೆ. ಪೃಷ್ಠಕ್ಕೆ ಕೊಟ್ಟರೆ ಅಲ್ಲಿನ ಕೊಬ್ಬಿನಲ್ಲಿ ಲಸಿಕೆ ಉಳಿದು ಸರಿಯಾಗಿ ಕೆಲಸ ಮಾಡುವುದಿಲ್ಲ. ಇನ್ನು ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ಹಳ್ಳಿಗಳಲ್ಲಿ ಇಂದಿಗೂ ಇದೆ. ಅದು ಪ್ರಾಣಿಗಳ ನರದ ಅಂಗಾಂಶದಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ನೆನಪು. ಆ ಲಸಿಕೆಯನ್ನು ಭಾರತದಲ್ಲಿ 2004ರ ಕೊನೆಗೇ ನಿಲ್ಲಿಸಲಾಯಿತು.

ಚುಚ್ಚಿದ ಜಾಗ ಕೆಂಪಾಗುವುದು, ತುರಿಸುವುದು, ಮೈ ಸ್ವಲ್ಪ ಬೆಚ್ಚಗಾಗುವುದು ಸಾಮಾನ್ಯ. ಅದಕ್ಕಾಗಿ ಮುಂದಿನ ಡೋಸು ಬಿಡಬೇಡಿ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಲಸಿಕೆ ಸುರಕ್ಷಿತ. ಬದನೆಕಾಯಿ ತಿನ್ನಬಾರದು, ಮಾಂಸ ತಿನ್ನಬಾರದು ಎಂಬ ಪಥ್ಯಗಳಾವುವೂ ಈ ಲಸಿಕೆಗೆ ಇಲ್ಲ. ಆದರೆ ನೀವು ಸ್ಟೀರಾಯ್ಡ್, ಕ್ಯಾನ್ಸರ್ ಔಷಧ ಅಥವಾ ಮಲೇರಿಯಾದ ಕ್ಲೋರೋಕ್ವಿನ್ ತೆಗೆದುಕೊಳ್ಳುತ್ತಿದ್ದರೆ, ಇಲ್ಲವೇ ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ ಇದ್ದರೆ ಮೊದಲ ದಿನವೇ ಹೇಳಬೇಕು. ಅಂಥವರಿಗೆ ಚರ್ಮದೊಳಗಿನ ವಿಧಕ್ಕಿಂತ ಸ್ನಾಯುವಿನ ಐದು ಡೋಸಿನ ಕ್ರಮವನ್ನು ವೈದ್ಯರು ಆರಿಸುತ್ತಾರೆ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಎರಡನೆಯ ವರ್ಗದ ಗಾಯಕ್ಕೂ ಆರ್.ಐ.ಜಿ. ಕೊಡುತ್ತಾರೆ.

6. ಡೋಸು ತಪ್ಪಿದರೆ

ಮೊದಲಿನಿಂದ ಆರಂಭಿಸಬೇಕಾಗಿಲ್ಲ. ತಪ್ಪಿದ ಡೋಸನ್ನು ಆದಷ್ಟು ಬೇಗ ಹಾಕಿಸಿಕೊಂಡು ಉಳಿದವನ್ನು ಮುಂದುವರಿಸಬೇಕು, ನಡುವಿನ ಅಂತರವನ್ನು ಕಾಯ್ದುಕೊಳ್ಳಬೇಕು. ನಮ್ಮ ಉದಾಹರಣೆಯ ಹುಡುಗಿ ಜೂನ್ 4ರ ಗುರುವಾರದ ಬದಲು ಶನಿವಾರ, ಜೂನ್ 6ಕ್ಕೆ ಬಂದಳೆನ್ನಿ. ಎರಡನೆಯ ಮತ್ತು ಮೂರನೆಯ ಡೋಸಿನ ನಡುವೆ ನಾಲ್ಕು ದಿನವಿರಬೇಕಾದ್ದರಿಂದ ಮುಂದಿನದು ಜೂನ್ 8ರ ಬದಲು ಜೂನ್ 10ಕ್ಕೆ ಹೋಗುತ್ತದೆ, ಕೊನೆಯದು ಜುಲೈ 1ಕ್ಕೆ. ಹೊಸ ದಿನಾಂಕಗಳನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮೊದಲ ವಾರದ ಮೂರು ಡೋಸುಗಳಲ್ಲಿ ಮಾತ್ರ ಈ ಸಡಿಲವನ್ನು ಅನುಕೂಲವೆಂದು ಬಳಸಿಕೊಳ್ಳಬೇಡಿ. ವೈರಾಣುವಿಗಿಂತ ಮೊದಲು ಪ್ರತಿಕಾಯ ತಲುಪುವುದು ಇವುಗಳಿಂದಲೇ.

ನಡುವೆ ಊರು ಬದಲಾಯಿಸಿದರೆ ಕಾರ್ಡು ಜೊತೆಗಿರಲಿ. ಬೇರೆ ಕಂಪನಿಯ ಲಸಿಕೆ ಸಿಕ್ಕರೂ ಮುಂದುವರಿಸಬಹುದು. ಚರ್ಮದ ವಿಧದಿಂದ ಸ್ನಾಯುವಿನ ವಿಧಕ್ಕೆ ಬದಲಾಯಿಸುವುದು ಅಪೇಕ್ಷಣೀಯವಲ್ಲ, ಆದರೆ ಬೇರೆ ದಾರಿಯೇ ಇಲ್ಲದಿದ್ದರೆ ಡೋಸು ಬಿಡುವುದಕ್ಕಿಂತ ಬದಲಾಯಿಸುವುದು ಮೇಲು.

7. ನಾಯಿ ಬದುಕಿದೆ, ಹಾಗಾದರೆ?

ರೇಬೀಸ್ ತಗುಲಿದ ನಾಯಿಯ ಜೊಲ್ಲಿನಲ್ಲಿ ವೈರಾಣು ಕಾಣಿಸಿಕೊಳ್ಳುವುದು ರೋಗಲಕ್ಷಣಕ್ಕೆ ಕೆಲವೇ ದಿನ ಮೊದಲು, ಲಕ್ಷಣ ಕಂಡ ಮೇಲೆ ಅದು ಹೆಚ್ಚು ದಿನ ಬದುಕುವುದಿಲ್ಲ. ಆದ್ದರಿಂದ ಕಚ್ಚಿ 10 ದಿನವಾದ ಮೇಲೂ ನಾಯಿ ಆರೋಗ್ಯವಾಗಿದ್ದರೆ, ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲ. ಈ ಲೆಕ್ಕ ನಾಯಿ ಮತ್ತು ಬೆಕ್ಕಿಗೆ ಮಾತ್ರ ಅನ್ವಯ.

ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಎಂಬುದು ತಪ್ಪು. ಲಸಿಕೆ ಮೊದಲು ಆರಂಭವಾಗಬೇಕು, ನಾಯಿಯ ಮೇಲೆ ಕಣ್ಣಿಡುವುದು ಅದರ ಜೊತೆಗೆ ನಡೆಯಬೇಕು. ಹತ್ತನೆಯ ದಿನ ಬರುವಷ್ಟರಲ್ಲಿ 0, 3, 7 ಮುಗಿದಿರುತ್ತವೆ. ಸ್ನಾಯುವಿನ ಕ್ರಮದಲ್ಲಿರುವವರಿಗೆ ಆಗ ವೈದ್ಯರು 14ನೆಯ ದಿನದ ಡೋಸನ್ನು ಬಿಟ್ಟು 28ನೆಯ ದಿನದ್ದನ್ನು ಕೊಡಬಹುದು. ಚರ್ಮದ ಕ್ರಮದಲ್ಲಿರುವವರು ನಾಯಿ ಹೇಗೇ ಇದ್ದರೂ ನಾಲ್ಕನ್ನೂ ಪೂರೈಸಬೇಕು. ಬೀದಿನಾಯಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ: ಹತ್ತು ದಿನದ ಮೇಲೆ ಕಂಡ ಕಂದುನಾಯಿ ಕಚ್ಚಿದ ಕಂದುನಾಯಿಯೇ ಎಂದು ಖಚಿತವಾಗಿ ಹೇಳುವುದು ಕಷ್ಟ.

8. 28ನೆಯ ದಿನ

ಎಲ್ಲಕ್ಕಿಂತ ಹೆಚ್ಚು ತಪ್ಪುವ ಭೇಟಿ ಇದು. ಏಳನೆಯ ದಿನಕ್ಕೂ ಇದಕ್ಕೂ ಮೂರು ವಾರಗಳ ಅಂತರವಿರುತ್ತದೆ, ಅಷ್ಟರಲ್ಲಿ ಗಾಯದ ಜಾಗದಲ್ಲಿ ಕಲೆ ಮಾತ್ರ ಉಳಿದಿರುತ್ತದೆ, ಹುಡುಗಿ ಶಾಲೆಗೆ ಹೋಗುತ್ತಿರುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಚರ್ಮದ ಕ್ರಮವನ್ನು 0, 3, 7ನೆಯ ದಿನಗಳ ಮೂರೇ ಭೇಟಿಗಳಿಗೆ ಇಳಿಸಿರುವುದನ್ನು ಓದಿದವರು ಇದನ್ನು ಬಿಡಬಹುದೇ ಎಂದು ಕೇಳುತ್ತಾರೆ. ಭಾರತದ ಕಾರ್ಯಕ್ರಮ 28ನೆಯ ದಿನದ ಡೋಸನ್ನು ಉಳಿಸಿಕೊಂಡಿದೆ. ಇಲ್ಲಿ ಚಿಕಿತ್ಸೆ ಆರಂಭಿಸಿದವರು ಇಲ್ಲಿನ ಕ್ರಮವನ್ನೇ ಪೂರೈಸಬೇಕೆಂಬುದು ನನ್ನ ಅಭಿಪ್ರಾಯ. ಮೂರು ಡೋಸಿನಿಂದ ಎದ್ದ ಪ್ರತಿಕಾಯಗಳನ್ನು ಈ ಡೋಸು ಇನ್ನೊಮ್ಮೆ ಎತ್ತರಿಸಿ, ಮುಂದಿನ ಕಾಲಕ್ಕೂ ಉಳಿಯುವಂತೆ ಮಾಡುತ್ತದೆ. ದಿನ ಮೀರಿದ್ದರೂ ಹೋಗಿ ಹಾಕಿಸಿಕೊಳ್ಳಿ.

ಮುಗಿದ ಮೇಲೆ ಕಾರ್ಡನ್ನು ಎಸೆಯಬೇಡಿ. ಎಲ್ಲ ದಿನಾಂಕಗಳೂ ಸಹಿಯೂ ಕಾಣುವಂತೆ ಫೋನಿನಲ್ಲಿ ಫೋಟೋ ತೆಗೆದಿಟ್ಟು, ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಇಡಿ. ಮುಂದೆ ಮತ್ತೆ ನಾಯಿ ಕಚ್ಚಿದರೆ, ಪೂರ್ತಿ ಲಸಿಕೆ ಆಗಿರುವುದಕ್ಕೆ ದಾಖಲೆ ಇದ್ದವರಿಗೆ 0 ಮತ್ತು 3ನೆಯ ದಿನ ಎರಡೇ ಡೋಸು ಸಾಕು. ಮೂರನೆಯ ವರ್ಗದ ಗಾಯವಾದರೂ ಆರ್.ಐ.ಜಿ. ಬೇಡ. ಗಾಯವನ್ನು 15 ನಿಮಿಷ ತೊಳೆಯುವುದು ಆಗಲೂ ಬೇಕು. ಕಾರ್ಡಿಲ್ಲದೆ "ಹಿಂದೆ ಹಾಕಿಸಿಕೊಂಡಿದ್ದೆ" ಎಂದಷ್ಟೇ ಹೇಳಿದವರಿಗೆ ವೈದ್ಯರು ಗಾಯದೊಳಗಿನ ಚುಚ್ಚುಮದ್ದನ್ನೂ ಸೇರಿಸಿ ಎಲ್ಲವನ್ನೂ ಮೊದಲಿನಿಂದ ಕೊಡಬೇಕಾಗುತ್ತದೆ.